ಕರೆಂಟ್ ಹೋದಾಗ ಮೇಲ್ವಿಚಾರಕರ ವರದಿ

ಪರೀಕ್ಷೆ ನಡೀತಿರುವಾಗ ಕರೆಂಟ್ ಹೋದರೆ ಮೇಲ್ವಿಚಾರಕರು ವಿಶ್ವವಿದ್ಯಾಲಯಕ್ಕೆ ಏನು ಬರೆದು ಕಳಿಸಬೇಕು?

ಯಾವ ಕೊಠಡಿಯಲ್ಲಿ ಎಷ್ಟು ಗಂಟೆಗೆ ಬರವಣಿಗೆ ನಿಂತಿತು, ಎಷ್ಟಕ್ಕೆ ಮತ್ತೆ ಶುರುವಾಯಿತು, ಯಾವ ರಿಜಿಸ್ಟರ್ ನಂಬರಿನವರಿಗೆ ತೊಂದರೆಯಾಯಿತು, ಹೆಚ್ಚುವರಿ ಸಮಯ ಕೊಟ್ಟಿದ್ದರೆ ಯಾರ ಒಪ್ಪಿಗೆಯಿಂದ ಎಷ್ಟು ಕೊಟ್ಟಿರಿ, ಇಷ್ಟು. ನೀವು ಮುಖ್ಯ ಅಧೀಕ್ಷಕರಿಗೆ ಬರೆದುಕೊಡಿ, ಅವರು ಅದನ್ನು ಪರೀಕ್ಷಾ ವಿಭಾಗಕ್ಕೆ ಕಳಿಸುತ್ತಾರೆ.

ಕರೆಂಟ್ ಇಲ್ಲದ ಸಮಯ ಬೇರೆ, ಬರೆಯಲಾಗದ ಸಮಯ ಬೇರೆ. ಹೆಚ್ಚುವರಿ ಸಮಯಕ್ಕೆ ಲೆಕ್ಕ ಎರಡನೆಯದು. ಮಧ್ಯಾಹ್ನ 2ರಿಂದ 5ರ ಪರೀಕ್ಷೆ ಅಂದುಕೊಳ್ಳಿ. ಮಳೆಮೋಡ ಕವಿದಿದೆ, 3:40ಕ್ಕೆ ಕರೆಂಟ್ ಹೋಯಿತು, 3:56ಕ್ಕೆ ಜನರೇಟರ್ ಶುರುವಾಯಿತು. ಗದ್ದಲ ಅಡಗಿ ಎಲ್ಲರೂ ಪೆನ್ನು ಹಿಡಿದಾಗ 3:58. ಹಾಗಾಗಿ ನಷ್ಟ 18 ನಿಮಿಷ. 40 ಸೀಟುಗಳಲ್ಲಿ 3 ಗೈರು, ಉಳಿದದ್ದು 37. ಕಿಟಕಿ ಪಕ್ಕದ 8 ಜನ ಬರೆಯುತ್ತಲೇ ಇದ್ದರೆ ಬಾಧಿತರು 29. "ಎಲ್ಲರಿಗೂ ತೊಂದರೆಯಾಯಿತು" ಎಂದಷ್ಟೇ ಬರೆದರೆ ಯಾವ ನಂಬರಿನವರಿಗೆ ಎಂದು ತಿಳಿಯುವುದಿಲ್ಲ, ವಿವರಣೆ ಕೇಳಿ ಪತ್ರ ಬರಬಹುದು.

ಇಷ್ಟು ಕರಾರುವಾಕ್ಕು ಏಕೆಂದರೆ ಉತ್ತರಪತ್ರಿಕೆಯಲ್ಲಿ ಸಮಯ ದಾಖಲಾಗುವುದಿಲ್ಲ. ಮೌಲ್ಯಮಾಪಕರಿಗೆ ಕಾಣುವುದು ಅರ್ಧಕ್ಕೆ ನಿಂತ ಉತ್ತರ ಮಾತ್ರ. ಫಲಿತಾಂಶದ ನಂತರ ವಿದ್ಯಾರ್ಥಿ ದೂರು ಕೊಟ್ಟರೆ ನಿಮ್ಮ ಹಾಳೆಯೇ ಮುಖ್ಯ ದಾಖಲೆ. ಆದ್ದರಿಂದ ಕತ್ತಲಾದ ಕ್ಷಣವೇ ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಸಂಜೆ ನೆನಪಿಸಿಕೊಂಡು ಬರೆದ ಸಮಯ ಪಕ್ಕದ ಕೊಠಡಿಯವರದಕ್ಕೆ ಹೊಂದುವುದೇ ಅಪರೂಪ. ಕತ್ತಲಲ್ಲಿ ಯಾರಾದರೂ ಹೊರಗೆ ಹೋಗಿದ್ದರೆ ಅದನ್ನೂ ಬರೆಯಿರಿ.