ನಡುವೆ ಇಳಿದರೆ ಉಳಿದ ಟಿಕೆಟ್ ಏನಾಗುತ್ತದೆ?

"ಕುಮಟಾದಿಂದ ತಿರುವನಂತಪುರಕ್ಕೆ ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಬೇಕೆಂದಿದ್ದೇವೆ. ಮಗಳ ಮನೆ ಎರ್ನಾಕುಲಂನಲ್ಲಿ. ಅಲ್ಲಿ ಇಳಿದು ಎರಡು ಮೂರು ದಿನ ಇದ್ದು, ಅದೇ ಟಿಕೆಟ್‌ನಲ್ಲಿ ಮುಂದೆ ಹೋಗಲು ಬರುತ್ತದೆಯೇ? ನಮ್ಮ ಯಜಮಾನರು 'ದುಡ್ಡು ಕೊಟ್ಟ ಮೇಲೆ ಯಾವಾಗ ಹೋದರೇನು' ಎನ್ನುತ್ತಾರೆ. ಸುಬ್ರಹ್ಮಣ್ಯಕ್ಕೂ ಹೀಗೇ ಇಳಿದು ಬೆಂಗಳೂರಿಗೆ ಹೋಗಬಹುದೇ?"
– ಓದುಗರು, ಶಿರಸಿ

ಅಮ್ಮಾ, ಎರ್ನಾಕುಲಂನಲ್ಲಿ ಇಳಿಯಬಹುದು, ಸುಬ್ರಹ್ಮಣ್ಯದಲ್ಲಿ ಆಗದು. ಯಜಮಾನರ ಮಾತನ್ನೇ ನಂಬಿಕೊಂಡು ನಾನೂ ಒಮ್ಮೆ ದಂಡ ಕಟ್ಟಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ರೈಲ್ವೆಯಲ್ಲಿ ಇದಕ್ಕೆ ಬ್ರೇಕ್ ಜರ್ನಿ ಎನ್ನುತ್ತಾರೆ. ಹತ್ತಿದ ನಿಲ್ದಾಣದಿಂದ 500 ಕಿ.ಮೀ. ದಾಟುವವರೆಗೆ ಈ ಸವಲತ್ತೇ ಇಲ್ಲ. ಟಿಕೆಟ್ 1000 ಕಿ.ಮೀ. ಒಳಗಿನದ್ದಾದರೆ ಒಮ್ಮೆ ಮಾತ್ರ ಇಳಿಯಬಹುದು, ಅದಕ್ಕೂ ಉದ್ದದ್ದಾದರೆ ಎರಡು ಸಲ. ಕುಮಟಾದಿಂದ ಎರ್ನಾಕುಲಂಗೆ ಹೆಚ್ಚುಕಡಿಮೆ 600 ಕಿ.ಮೀ., ಅಲ್ಲಿಂದ ಆಲಪ್ಪುಳ ಮೇಲಾಗಿ ತಿರುವನಂತಪುರಕ್ಕೆ ಇನ್ನೊಂದು 200. ಹಾಗಾಗಿ ನಿಮಗೆ ಒಂದು ಸಲ ಇಳಿಯುವ ಹಕ್ಕಿದೆ, ಎರ್ನಾಕುಲಂ ಆ ಗೆರೆಯ ಆಚೆಗಿದೆ. ಕಣ್ಣೂರಿನಲ್ಲಿ ಇಳಿಯಬೇಕೆಂದಿದ್ದರೆ ಬೇಡ ಎನ್ನುತ್ತಿದ್ದೆ. ಅದು ಗೆರೆಯ ಈಚೆ.

ಇಲ್ಲೊಂದು ಕರಾವಳಿಯ ತಮಾಷೆ ಇದೆ. ಕೊಂಕಣ ರೈಲ್ವೆಯ ಹಾದಿಗೆ ದರ ಹಾಕುವಾಗ ಹಳಿಯ ನಿಜವಾದ ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ನೂರಕ್ಕೆ ನಲವತ್ತರಷ್ಟು ಹಿಗ್ಗಿಸುತ್ತಾರೆ. ಟಿಕೆಟ್ ಮೇಲೆ ಅಚ್ಚಾದ ಕಿ.ಮೀ. ನೋಡಿ "ಅರೆ, 500 ದಾಟಿದೆಯಲ್ಲ" ಎಂದು ಖುಷಿಪಡುವುದು ಅದಕ್ಕೇ. ಆ ಗೆರೆಗೆ ಅಂಟಿಕೊಂಡಂತಿರುವ ನಿಲ್ದಾಣದಲ್ಲಿ ಇಳಿಯುವ ಯೋಜನೆ ಹಾಕದಿರುವುದೇ ವಾಸಿ. ನಿಮ್ಮದು ಯಾವ ಲೆಕ್ಕದಲ್ಲೂ ದಾಟುತ್ತದೆ.

ಇನ್ನು ದಿನಗಳ ಲೆಕ್ಕ. ಎರಡು ದಿನ ಉಳಿಯಬಹುದು ಎಂಬುದು ನಿಯಮ. ಆದರೆ ಬಂದ ದಿನವನ್ನೂ ಹೊರಡುವ ದಿನವನ್ನೂ ಅದರಲ್ಲಿ ಎಣಿಸುವುದಿಲ್ಲ. ನೀವು 12ನೇ ತಾರೀಕು ಎರ್ನಾಕುಲಂನಲ್ಲಿ ಇಳಿದಿರಿ ಅನ್ನಿ. 13, 14 ಪೂರ್ತಿ ಮಗಳ ಮನೆಯಲ್ಲಿ. 15ಕ್ಕೆ ರೈಲು ಹತ್ತಬೇಕು. ಅಂದರೆ ಮೂರು ರಾತ್ರಿ ಸಿಕ್ಕಿತು, ನೀವು ಕೇಳಿದ್ದಷ್ಟೇ. ಮೊಮ್ಮಗು ಬಿಡಲಿಲ್ಲ ಎಂದು 16ಕ್ಕೆ ಹೊರಟರೆ ಮುಂದಿನ ಹಾದಿಗೆ ಬೇರೆ ಟಿಕೆಟ್ ತೆಗೆಯಲೇಬೇಕು.

ಆದರೆ ಇದೆಲ್ಲ ಇಳಿದ ಮೇಲೆ ಯೋಚಿಸುವ ಸಂಗತಿಯಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಟಿಕೆಟ್‌ಗೂ ಬರ್ತ್‌ಗೂ ವ್ಯತ್ಯಾಸವಿದೆ. ಎರ್ನಾಕುಲಂನಲ್ಲಿ ಇಳಿದ ಕೂಡಲೇ ಆ ರೈಲಿನ ನಿಮ್ಮ ಬರ್ತ್ ಮುಗಿಯಿತು, ಟಿ.ಟಿ.ಇ. ಅದನ್ನು ಬೇರೆಯವರಿಗೆ ಕೊಡುತ್ತಾರೆ. 15ರ ರೈಲಿನಲ್ಲಿ ಮಲಗಲು ಜಾಗ ಬೇಕಾದರೆ ಅದಕ್ಕೆ ಪ್ರತ್ಯೇಕ ಮೀಸಲಾತಿ ಮಾಡಿಸಬೇಕು. ಅದನ್ನು ಟಿಕೆಟ್ ತೆಗೆಯುವಾಗಲೇ ಕೌಂಟರಿನಲ್ಲಿ ಹೇಳಿ. ಫಾರಂ ತುಂಬುವಾಗ ಕುಮಟಾದಿಂದ ತಿರುವನಂತಪುರಕ್ಕೆ ಒಂದೇ ಟಿಕೆಟ್, ಎರ್ನಾಕುಲಂನಲ್ಲಿ ಬ್ರೇಕ್ ಜರ್ನಿ ಎಂದು ಸ್ಪಷ್ಟವಾಗಿ ಬರೆದು, ಎರಡೂ ರೈಲು, ಎರಡೂ ತಾರೀಕು ನಮೂದಿಸಿ. ಮುಂದಿನ ಭಾಗದ ಮೀಸಲಾತಿ ಶುಲ್ಕ ಮತ್ತೆ ಕೊಡಬೇಕು. ಸ್ಲೀಪರಿಗೆ ತಲಾ 20 ರೂಪಾಯಿ, ಮೂರು ಹಂತದ ಎ.ಸಿ.ಗೆ 40. ಮೊಬೈಲಿನಲ್ಲಿ ಬುಕ್ ಮಾಡುವಾಗ ನಡುವೆ ಇಳಿಯುತ್ತೇನೆಂದು ಹೇಳಲು ಜಾಗವೇ ಇಲ್ಲ, ಅದಕ್ಕೇ ಕೌಂಟರಿಗೆ ಹೋಗಿ ಎಂದದ್ದು. ಶಿರಸಿಯವರಿಗೆ ರೈಲೇ ಇಲ್ಲದ ಊರಿನಿಂದ ಘಾಟಿ ಇಳಿಯುವ ಕೆಲಸ ಹೇಗೂ ಇದೆ. ಕುಮಟಾಕ್ಕೆ ಬೇರೆ ಕೆಲಸಕ್ಕೆ ಹೋದಾಗ ಇದನ್ನೂ ಮುಗಿಸಿಕೊಂಡು ಬನ್ನಿ.

ಮುಂದಿನ ರೈಲನ್ನು ಆರಿಸುವಾಗ ಎರಡು ಎಚ್ಚರ. ಜನಶತಾಬ್ದಿ, ಶತಾಬ್ದಿ, ರಾಜಧಾನಿಗಳಲ್ಲಿ ಈ ಸವಲತ್ತು ಇಲ್ಲ. ಎರ್ನಾಕುಲಂನಿಂದ ತಿರುವನಂತಪುರಕ್ಕೆ ಜನಶತಾಬ್ದಿ ಕಣ್ಣಿಗೆ ಬೀಳುತ್ತದೆ, ಅದನ್ನು ಬಿಡಿ. ಎರಡನೆಯದು, ಟಿಕೆಟ್ ಆಲಪ್ಪುಳ ಮೇಲಿನ ಹಾದಿಗೆ ಇದ್ದರೆ ಮುಂದಿನ ರೈಲೂ ಆ ಹಾದಿಯದ್ದೇ ಇರಲಿ. ಕೋಟ್ಟಯಂ ಮೇಲೆ ಹೋಗುವ ರೈಲುಗಳೂ ಅಲ್ಲಿಂದಲೇ ಹೊರಡುತ್ತವೆ.

ಈಗ ಸುಬ್ರಹ್ಮಣ್ಯದ ಕಥೆ. ಕಾರವಾರದಿಂದ ಬೆಂಗಳೂರಿಗೆ ಟಿಕೆಟ್ ತೆಗೆದು, ದೇವರ ದರ್ಶನ ಮಾಡಿಕೊಂಡು ಹೋಗೋಣ ಎಂದು ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿದೆ. ಮರುದಿನ ರಾತ್ರಿ ಅದೇ ಚೀಟಿ ಹಿಡಿದು ಅದೇ ಹೆಸರಿನ ರೈಲು ಹತ್ತಿದೆ. ಸಕಲೇಶಪುರ ಬರುವ ಮೊದಲೇ ಟಿ.ಟಿ.ಇ. ಬಂದರು. ಚೀಟಿಯ ಮೇಲೆ ಬೆರಳಿಟ್ಟು, "ತಾರೀಕು ನಿನ್ನೆಯದ್ದು" ಎಂದರು. ನಾನು ಬ್ರೇಕ್ ಜರ್ನಿ ಎಂದೆ. ಅವರು ನಕ್ಕು, ಕಾರವಾರದಿಂದ ಇಲ್ಲಿಗೆ ಎಷ್ಟಾಯಿತು ಹೇಳಿ ಎಂದರು. ನಿಜ ದೂರ ಹಿಡಿದರೆ ಸುಮಾರು 325 ಕಿ.ಮೀ., ಹಿಗ್ಗಿಸಿದ ಲೆಕ್ಕ ಹಿಡಿದರೂ 500 ಮುಟ್ಟದು. ಅಲ್ಲಿಗೆ ನಾನು ಟಿಕೆಟ್ ಇಲ್ಲದ ಪ್ರಯಾಣಿಕ. ಸುಬ್ರಹ್ಮಣ್ಯದಿಂದ ಬೆಂಗಳೂರಿನ ದರ, ಅದರ ಮೇಲೆ ಹೆಚ್ಚುವರಿ ಶುಲ್ಕ. ಈ ಶುಲ್ಕ 250 ರೂಪಾಯಿ ಅಥವಾ ಆ ದರದಷ್ಟೇ ಮೊತ್ತ, ಯಾವುದು ಹೆಚ್ಚೋ ಅದು. ತಪ್ಪು ನನ್ನದೇ, ಅವರು ರಸೀದಿ ಬರೆದುಕೊಟ್ಟರು, ನಾನು ಕಿಟಕಿ ಕಡೆ ನೋಡುತ್ತಾ ಕುಳಿತೆ. ಅಂಥ ಪ್ರಯಾಣಕ್ಕೆ ಮೊದಲೇ ಎರಡು ಟಿಕೆಟ್ ತೆಗೆಯಿರಿ, ಇನ್ನೇನೂ ದಾರಿಯಿಲ್ಲ.

ಹಾಗಾದರೆ ನಿಮಗೂ ಎರಡು ಟಿಕೆಟ್ ಆದರೇನು? ಇದು ನ್ಯಾಯವಾದ ಪ್ರಶ್ನೆ. ಉದ್ದದ ಟಿಕೆಟ್‌ಗೆ ಕಿ.ಮೀ.ಗೆ ಬೀಳುವ ದರ ದೂರ ಹೆಚ್ಚಾದಂತೆ ಇಳಿಯುತ್ತದೆ, ಆದ್ದರಿಂದ ಒಂದೇ ಟಿಕೆಟ್ ಅಗ್ಗ. ಆದರೆ ನೀವು ಸ್ಲೀಪರಿನಲ್ಲಿ ಹೋಗುವವರಾದರೆ ಎರ್ನಾಕುಲಂನಿಂದ ಆಚೆಗಿನ 200 ಕಿ.ಮೀ. ಚಿಲ್ಲರೆ ಭಾಗಕ್ಕೆ ಉಳಿತಾಯ ದೊಡ್ಡದೇನಲ್ಲ. ಮಗಳ ಮನೆಯಲ್ಲಿ ಎಷ್ಟು ದಿನ ಉಳಿಯುತ್ತೀರೆಂದು ಗಟ್ಟಿಯಿಲ್ಲದಿದ್ದರೆ ನಾನಂತೂ ಎರಡು ಟಿಕೆಟ್ ತೆಗೆಯುತ್ತೇನೆ. ಎ.ಸಿ.ಯಾದರೆ ಮಾತು ಬೇರೆ. ಮೂರು ಹಂತದ ಎ.ಸಿ.ಗೆ ಕನಿಷ್ಠ 300 ಕಿ.ಮೀ. ದರ ಹಾಕುತ್ತಾರೆ, ನೀವು ಹೋಗುವುದು 200 ಆದರೂ ಹೋಗದ ನೂರು ಕಿ.ಮೀ.ಗೂ ದುಡ್ಡು ತೆತ್ತಂತಾಗುತ್ತದೆ. ಅಲ್ಲಿ ಬ್ರೇಕ್ ಜರ್ನಿಯೇ ಲಾಭ.

ಒಂದೇ ಟಿಕೆಟ್ ಎಂದು ನಿರ್ಧರಿಸಿದರೆ, ಎರ್ನಾಕುಲಂನಲ್ಲಿ ಇಳಿದ ಮೇಲೆ ಮಗಳು ಹೊರಗೆ ಕಾಯುತ್ತಿದ್ದಾಳೆಂದು ಓಡಬೇಡಿ. ಮೊದಲು ಸ್ಟೇಷನ್ ಮಾಸ್ಟರ್ ಕೋಣೆಗೆ ಹೋಗಿ ಚೀಟಿ ಕೊಡಿ. ಅವರು ಅದರ ಮೇಲೆ ERS ಎಂಬ ನಿಲ್ದಾಣದ ಸಂಕೇತ, ಆ ದಿನದ ತಾರೀಕು, ತಮ್ಮ ಕಿರುಸಹಿ ಹಾಕಿಕೊಡುತ್ತಾರೆ. 15ರಂದು ರೈಲಿನಲ್ಲಿ ಟಿ.ಟಿ.ಇ. ನೋಡುವುದು ಆ ಬರಹವನ್ನೇ. ಗೇಟಿನಲ್ಲಿ ಟಿಕೆಟ್ ಕೇಳಿದರೆ ತೋರಿಸಿ, ಅಭ್ಯಾಸಬಲದಿಂದ ಕೈಗೆ ಕೊಟ್ಟುಬಿಡಬೇಡಿ. ಅದು ಇನ್ನೂ ನಿಮ್ಮದೇ.