ಹಾನಿ ಹದಿನಾಲ್ಕು ಸಾವಿರ, ಕೈಗೆ ಬಂದದ್ದು ನಾಲ್ಕು

“ಗಾಳಿಗೆ ಅಂಗಡಿಯ ಶೀಟು ಹಾರಿ 14,000 ಖರ್ಚಾಯಿತು. ಇನ್ಶೂರೆನ್ಸಿನವರು 4,000 ಮಾತ್ರ ಕೊಟ್ಟರು, ಉಳಿದದ್ದು ಎಕ್ಸೆಸ್ ಅಂತಾರೆ. ಇದು ಮೋಸವಾ?”

ಮೋಸ ಅಲ್ಲ ಮಾರಾಯ್ರೆ, ಆದರೆ ಪಾಲಿಸಿ ಮಾಡಿಸುವಾಗ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನಗೆ ಪೆರ್ಲದ ಹತ್ತಿರ ಅಡಿಕೆ ಗೋಡೌನ್ ಇದೆ. ಪೆಟ್ಟು ತಿಂದೇ ಕಲಿತದ್ದು.

ಪ್ರತಿ ಹಾನಿಯಲ್ಲೂ ಮೊದಲ ಒಂದು ಮೊತ್ತ ನಮ್ಮದೇ ತಲೆ ಮೇಲೆ. ಅದೇ ಎಕ್ಸೆಸ್. ಅಂಗಡಿ, ಗೋಡೌನಿನ ಬೆಂಕಿ ಪಾಲಿಸಿಗಳಲ್ಲಿ ಗಾಳಿ, ನೆರೆ, ಸಿಡಿಲಿಗೆ ಸಾಮಾನ್ಯವಾಗಿ ಕ್ಲೇಮಿನ ಶೇಕಡಾ 5, ಆದರೆ ಕನಿಷ್ಠ 10,000 ಎಂದಿರುತ್ತದೆ. ಆ “ಕನಿಷ್ಠ”ವೇ ಸಣ್ಣವರನ್ನು ಹಿಡಿಯುವುದು. ಐದು ಲಕ್ಷ ಹಾನಿಯಾದವನಿಗೆ ಹೋಗುವುದು 25,000, ಇಪ್ಪತ್ತರಲ್ಲಿ ಒಂದು ಪಾಲು. ನಿಮಗೆ ಹೋದದ್ದು ಮುಕ್ಕಾಲು ಪಾಲಿನಷ್ಟು. ಹಾನಿ ಎರಡು ಲಕ್ಷ ದಾಟುವ ತನಕ ಆ ಶೇಕಡಾ 5ಕ್ಕೆ ಕೆಲಸವೇ ಇಲ್ಲ.

ನನ್ನ ಲೆಕ್ಕ ನೋಡಿ. ಜುಲೈಯಲ್ಲಿ ಒಂದು ರಾತ್ರಿಯ ಗಾಳಿಗೆ ಮಾಡಿನ ಶೀಟು ಎದ್ದು, ಕೆಳಗಿದ್ದ ಅಡಿಕೆ ಚೀಲಗಳಿಗೆ ಮಳೆ ಬಿತ್ತು. ಮಾಡಿಗೆ 21,000, ಅಡಿಕೆಗೆ 9,000 ಅಂತ ಸರ್ವೇಯರ್ ಬರೆದರು. ಕಟ್ಟಡವನ್ನೂ ದಾಸ್ತಾನನ್ನೂ ನಾನು ನಿಜ ಬೆಲೆಯ ಶೇಕಡಾ 80ಕ್ಕಷ್ಟೇ ಇನ್ಶೂರ್ ಮಾಡಿಸಿದ್ದೆ, ಜಿಪುಣತನ. ಹಾಗಾಗಿ 30,000 ಮೊದಲು 24,000ಕ್ಕೆ ಇಳಿಯಿತು, ಆಮೇಲೆ ಎಕ್ಸೆಸ್ ಕಳೆದು 14,000. ಮೊದಲೇ ಎಕ್ಸೆಸ್ ಕಳೆದಿದ್ದರೆ 16,000 ಬರುತ್ತಿತ್ತು. ಆದರೆ ಅದನ್ನು ಕಳೆಯುವುದು ಕೊನೆಗೇ.

ಇಲ್ಲಿ ಒಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಅಡಿಕೆ ಒಣಗಿಸಿ ನೋಡಿ ಆಮೇಲೆ ಬೇರೆ ಅರ್ಜಿ ಕೊಡೋಣ ಅಂದುಕೊಂಡಿದ್ದೆ. ಹಾಗೆ ಮಾಡಿ ಎರಡೂ ಬೇರೆ ಬೇರೆ ಕ್ಲೇಮ್ ಆಗಿದ್ದರೆ ಮಾಡಿಗೆ 16,800ರಲ್ಲಿ 6,800 ಸಿಕ್ಕಿ, ಅಡಿಕೆಯ 7,200 ಪೂರ್ತಿ ಎಕ್ಸೆಸ್ಸಿಗೇ ಹೋಗುತ್ತಿತ್ತು. ಎಕ್ಸೆಸ್ ಇರುವುದು ಘಟನೆಗೆ ಒಂದರಂತೆ, ವಸ್ತುವಿಗೆ ಒಂದರಂತೆ ಅಲ್ಲ. ಒಂದೇ ಗಾಳಿಯ ಹಾನಿಯೆಲ್ಲ ಒಂದೇ ಅರ್ಜಿಯಲ್ಲಿ ಹೋಗಬೇಕು.

ಅಕ್ಟೋಬರಿನಲ್ಲಿ ಸಿಡಿಲು ಬಡಿದು ಗೋಡೆಯ ಮೂಲೆ ಹಾರಿತು, ರಿಪೇರಿಗೆ 8,500. ಅದು ಬೇರೆ ಘಟನೆ, ಮತ್ತೆ ಬೇರೆ ಎಕ್ಸೆಸ್. ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ, ಮೇಸ್ತ್ರಿಯನ್ನು ಕರೆದೆ.

ನಿಮ್ಮ ಪಾಲಿಸಿಯ ಶೆಡ್ಯೂಲಿನಲ್ಲಿ ಎಕ್ಸೆಸ್ ಅಂತ ಒಂದು ಸಾಲು ಇರುತ್ತದೆ, ಅಲ್ಲಿ 10,000 ಇದೆಯೇ ನೋಡಿ. ಕೆಲವರು ಪ್ರೀಮಿಯಂ ಕಡಿಮೆಯಾಗಲಿ ಅಂತ ಹೆಚ್ಚಿನ ಎಕ್ಸೆಸ್ಸಿಗೆ ತಾವೇ ಸಹಿ ಹಾಕಿ ಮರೆತಿರುತ್ತಾರೆ. ಇನ್ನೊಂದು, ಶೀಟು ಹಾರಿದ ರಾತ್ರಿ ಅಂಗಡಿಯೊಳಗೆ ಅಕ್ಕಿ, ಸಕ್ಕರೆ ಏನೂ ನೆನೆಯಲಿಲ್ಲವಾ? ನೆನೆದಿದ್ದು, ದಾಸ್ತಾನೂ ಪಾಲಿಸಿಯಲ್ಲಿದ್ದರೆ, ಅದನ್ನು ಇದೇ ಕ್ಲೇಮಿಗೆ ಸೇರಿಸಲು ಇವತ್ತೇ ಬರೆದು ಕೊಡಿ. 10,000 ಈಗಾಗಲೇ ಕಳೆದಾಗಿದೆಯಲ್ಲ.