ಅಮೈಲೇಸ್ ಕೋಷ್ಟಕದಿಂದ ಏನು ಹೇಳಬಹುದು?

"ಅಮೈಲೇಸ್ ಪಿಷ್ಟವನ್ನು ಒಡೆಯಲು 20 ಡಿಗ್ರಿಯಲ್ಲಿ 8 ನಿಮಿಷ, 30ರಲ್ಲಿ 4, 40ರಲ್ಲಿ 2, 50ರಲ್ಲಿ 5. 70ರಲ್ಲಿ 20 ನಿಮಿಷವಾದರೂ ಅಯೋಡಿನ್ ಕಡುನೀಲಿಯೇ. ಏನು ತೀರ್ಮಾನ ಬರೆಯಲಿ?"

ಮೊದಲು ಕಾಲಂನ ತಲೆಬರಹ ನೋಡಿ. ಇಲ್ಲಿರುವುದು ಸಮಯ, ವೇಗವಲ್ಲ. ಸಮಯ ಕಡಿಮೆಯಾದಷ್ಟೂ ಕಿಣ್ವ ಚುರುಕು. 20ರಿಂದ 40ರವರೆಗೆ ಪ್ರತಿ 10 ಡಿಗ್ರಿಗೂ ಸಮಯ ಅರ್ಧವಾಗಿದೆ, ಅಂದರೆ ವೇಗ ಎರಡು ಪಟ್ಟಾಗಿದೆ. ಈ ಅಂಕಿಗಳನ್ನು ಬರೆಯಿರಿ. ಸುಮ್ನೆ 'ಹೆಚ್ಚಾಯಿತು' ಅಂದರೆ ಸಾಲದು.

ಅತಿ ಸೂಕ್ತ ತಾಪ ಸರಿಯಾಗಿ 40 ಎನ್ನಬೇಡಿ. 37ರಲ್ಲೋ 44ರಲ್ಲೋ ಅಳೆದೇ ಇಲ್ಲ ಅಲ್ವಾ? '30 ಮತ್ತು 50ರ ನಡುವೆ' ಎನ್ನಿ.

70ರಲ್ಲಿ ಕಿಣ್ವದ ಆಕಾರ ಕೆಟ್ಟಿದೆ ಎಂಬುದು ನಮ್ಮ ವಿವರಣೆ. ಕೋಷ್ಟಕ ತೋರಿಸುವುದು ಪಿಷ್ಟ ಇನ್ನೂ ಉಳಿದಿದೆ ಎಂದಷ್ಟೇ. ಅದೇ ಕಿಣ್ವವನ್ನು 40ಕ್ಕೆ ತಣಿಸಿ ಮತ್ತೆ ನೋಡಿದಾಗಲೂ ನೀಲಿ ಹೋಗದಿದ್ದರೆ, ಆ ವಿವರಣೆಗೆ ಗಟ್ಟಿ ಆಧಾರ ಸಿಗುತ್ತದೆ.